ಇಂಟಿಗ್ರೇಶನ್ ಬರುತ್ತದೆ, ಭಿನ್ನರಾಶಿ ಬರುವುದಿಲ್ಲ

ಪ್ರಶ್ನೆ: ಸರ್, ನಾನು ಶಹಾಪುರ ತಾಲ್ಲೂಕಿನ ಹಳ್ಳಿಯವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಗಣಿತದಲ್ಲಿ 91 ಅಂಕ ಬಂದಿತ್ತು. ಈಗ ಕಲಬುರಗಿಯಲ್ಲಿ ಬಿ.ಇ. ಮೊದಲ ವರ್ಷ ಓದುತ್ತಿದ್ದೇನೆ. ಇಂಟಿಗ್ರೇಶನ್ ತಲೆಗೇ ಹೋಗುತ್ತಿಲ್ಲ, ಶಾಲೆಯಲ್ಲಿ ಕಲಿತದ್ದೆಲ್ಲ ಮರೆತುಹೋಗಿದೆ. ಎಂಟನೆಯ ತರಗತಿಯಿಂದ ಮತ್ತೆ ಓದಬೇಕೇ? ನನ್ನ ಟೆಸ್ಟ್ ಪೇಪರಿನ ಫೋಟೋ ಕಳುಹಿಸಿದ್ದೇನೆ.

ಉತ್ತರ: ಬೇಡ. ಇದೇ ಪ್ರಶ್ನೆ ಪ್ರತಿ ವರ್ಷ ಮೊದಲ ಇಂಟರ್ನಲ್ ಅಂಕಗಳು ಹೊರಬಿದ್ದ ವಾರದಲ್ಲಿ ನನಗೆ ಬರುತ್ತದೆ, ಆದರೆ ಪೇಪರನ್ನೂ ಜೊತೆಗೆ ಕಳುಹಿಸಿದವರು ನೀವೊಬ್ಬರೇ. ಆದ್ದರಿಂದ ಈ ಸಲದ ಜಾಗವೆಲ್ಲ ಬಹುತೇಕ ನಿಮಗೇ ಸಲ್ಲುತ್ತದೆ.

ನಿಮ್ಮ ಪೇಪರಿನ ಮೂರನೆಯ ಲೆಕ್ಕವನ್ನು ನೋಡೋಣ. ಕೊಟ್ಟದ್ದು ∫ dx/(x² + 6x + 13). ನೀವು ಎರಡನೆಯ ಗೆರೆಯಲ್ಲಿ ಅದನ್ನು 1/x² + 1/(6x) + 1/13 ಎಂದು ಮೂರು ತುಂಡು ಮಾಡಿ, ಒಂದೊಂದನ್ನೂ ಅನುಕಲಿಸಿ, −1/x + (1/6) log x + x/13 ಎಂದು ಬರೆದಿದ್ದೀರಿ. ಆ ಮೂರೂ ತುಂಡುಗಳ ಅನುಕಲನ ಸರಿಯಾಗಿಯೇ ಇದೆ. ಅಂದರೆ ಈ ವರ್ಷ ಕಲಿಸಿದ್ದು ನಿಮಗೆ ಬರುತ್ತದೆ. ತಪ್ಪಿದ್ದು ಎರಡನೆಯ ಗೆರೆ, ಅದು ಪ್ರೌಢಶಾಲೆಗೂ ಮುಂಚಿನ ಭಿನ್ನರಾಶಿಯ ಪಾಠ. ಅಂಶದಲ್ಲಿ ಕೂಡಿಕೆ ಇದ್ದರೆ ಒಡೆಯಬಹುದು, ಛೇದದಲ್ಲಿದ್ದರೆ ಒಡೆಯಲಾಗದು. ನಂಬಿಕೆ ಬಾರದಿದ್ದರೆ x = 1 ಎಂದು ಹಾಕಿ ನೋಡಿ: ಎಡಗಡೆ 1/20, ರೂಪಾಯಿಯಲ್ಲಿ ಐದು ಪೈಸೆ; ಬಲಗಡೆ 1 + 1/6 + 1/13, ಒಂದು ರೂಪಾಯಿಗೂ ಮೇಲೆ. ಐದು ಪೈಸೆಯ ಸಾಮಾನಿಗೆ ರೂಪಾಯಿ ಎಣಿಸಿ ಕೊಟ್ಟಿದ್ದೀರಿ.

ಸರಿಯಾದ ದಾರಿಯಲ್ಲಿ ಬೇಕಾಗುವುದು (a + b)² ಎಂಬ ಹಳೆಯ ನಿತ್ಯಸಮೀಕರಣ ಮಾತ್ರ. 6ರ ಅರ್ಧ 3, ಅದರ ವರ್ಗ 9; 13ನ್ನು 9 + 4 ಎಂದು ಬರೆದರೆ ಛೇದವು (x + 3)² + 2² ಆಗುತ್ತದೆ. ಆಮೇಲೆ ಪುಸ್ತಕದ ಸಿದ್ಧ ಸೂತ್ರವೇ ಉಳಿದದ್ದನ್ನು ಮಾಡಿ ಮುಗಿಸುತ್ತದೆ: (1/2) tan⁻¹((x + 3)/2) + C. ಇಡೀ ಲೆಕ್ಕದಲ್ಲಿ ಕಾಲೇಜಿನದು ಒಂದೇ ಗೆರೆ, ಮಿಕ್ಕದ್ದು ಶಾಲೆಯದು.

ಇನ್ನು ‘ಮರೆತೇ ಹೋಗಿದೆ’ ಎಂಬ ಮಾತು. 1885ರಲ್ಲಿ ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಂಠಪಾಠ ಮಾಡಿ, ಮರೆತು, ಮತ್ತೆ ಕಲಿತು ನೋಡಿದ್ದನ್ನು ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಬರುತ್ತದೆಂಬ ಭಾಗವನ್ನು ಎಲ್ಲರೂ ಹೇಳುತ್ತಾರೆ. ಎರಡನೆಯ ಸಲ ಕಲಿಯಲು ಮೊದಲಿಗಿಂತ ಕಡಿಮೆ ಸಮಯ ಸಾಕಾಯಿತೆಂಬ ಭಾಗವನ್ನು ಯಾರೂ ಹೇಳುವುದಿಲ್ಲ, ನಿಮಗೆ ಬೇಕಾದದ್ದು ಅದೇ. ಹೀಗಾಗಿ ನಿಮ್ಮ ಪರೀಕ್ಷೆ ಸುಲಭ. ಅಪವರ್ತನದ ಪಾಠವನ್ನು ತೆಗೆದುಕೊಂಡು, ಕೈಗಡಿಯಾರ ನೋಡಿ, ಮತ್ತೆ ಕಲಿಯಲು ಎಷ್ಟು ಹೊತ್ತು ಬೇಕಾಯಿತೆಂದು ಬರೆದಿಡಿ. ಶಾಲೆಯಲ್ಲಿ ಎರಡು ವಾರ ನಡೆದ ಪಾಠ ಒಂದೆರಡು ಗಂಟೆಯಲ್ಲಿ ಕೈಗೆ ಬಂದರೆ ಅದು ಒಳಗೆ ಇತ್ತು, ದಾರಿ ಮಾತ್ರ ಮುಚ್ಚಿತ್ತು ಎಂದರ್ಥ. ಎಷ್ಟು ತಿಣುಕಿದರೂ ಹೊಸ ಪಾಠದಷ್ಟೇ ಹೊತ್ತು ಹಿಡಿದರೆ ಅದನ್ನು ನೀವು ಆಗ ಕಲಿತಿರಲೇ ಇಲ್ಲ, ಮಾದರಿ ಉತ್ತರ ಬಾಯಿಪಾಠ ಮಾಡಿದ್ದಿರಿ. ಅಂಥ ಪಾಠವನ್ನು ಹೊಸದೆಂದೇ ತಿಳಿದು ಯಾರಾದರೊಬ್ಬರಿಂದ ಪೂರ್ತಿ ಹೇಳಿಸಿಕೊಳ್ಳಬೇಕು. ನಮ್ಮ ಕಡೆ ‘ಪಾಸಿಂಗ್ ಪ್ಯಾಕೇಜ್’ ಹೆಸರಿನಲ್ಲಿ ಹಂಚುವ ತೆಳು ಪುಸ್ತಿಕೆಗಳು ಈ ಎರಡನೆಯ ಬಗೆಯ ಮರೆವನ್ನೇ ಬೆಳೆಸುತ್ತವೆ. ನಾನು ಅವುಗಳ ವಿರೋಧಿ, ಅದನ್ನು ಮುಚ್ಚಿಡುವುದಿಲ್ಲ.

91 ಅಂಕದ ಬಗ್ಗೆಯೂ ಒಂದು ಮಾತು. 1991ರಲ್ಲಿ ಅಮೆರಿಕದ ಬಾರಿಕ್ ಮತ್ತು ಹಾಲ್ ಎಂಬ ಸಂಶೋಧಕರು, ಶಾಲೆ ಬಿಟ್ಟು ಸುಮಾರು ಐವತ್ತು ವರ್ಷಗಳವರೆಗೆ ಆದವರಿಗೂ ಬೀಜಗಣಿತದ ಪರೀಕ್ಷೆ ಕೊಟ್ಟು ನೋಡಿದ್ದನ್ನು ಪ್ರಕಟಿಸಿದರು. ಕ್ಯಾಲ್ಕುಲಸ್‌ವರೆಗೆ ಅಥವಾ ಅದಕ್ಕೂ ಮುಂದೆ ಗಣಿತ ಓದಿದವರಲ್ಲಿ ಶಾಲೆಯ ಬೀಜಗಣಿತ ಅರ್ಧ ಶತಮಾನದ ನಂತರವೂ ಬಹುತೇಕ ಹಾಗೆಯೇ ಉಳಿದಿತ್ತು. ಶಾಲೆಯಲ್ಲಿ ಅಷ್ಟೇ ಒಳ್ಳೆಯ ಅಂಕ ಪಡೆದು ಅಲ್ಲಿಗೇ ನಿಲ್ಲಿಸಿದವರಲ್ಲಿ ಕಳೆದುಹೋಗಿತ್ತು. ಅಂದರೆ ಹೆಚ್ಚಿನ ವ್ಯತ್ಯಾಸ ಬಂದದ್ದು ಅಂಕದಿಂದಲ್ಲ, ಹಲವು ವರ್ಷಗಳ ಕಾಲ ಮತ್ತೆ ಮತ್ತೆ ಬಳಸಿದ್ದರಿಂದ. ನೀವು ಈಗ ಆ ಬಳಸುವ ವರ್ಷಗಳಲ್ಲೇ ಇದ್ದೀರಿ.

ಮಾಡಬೇಕಾದದ್ದು ಇಷ್ಟು. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು, ಈ ವಾರದ ಕಾಲೇಜಿನ ಲೆಕ್ಕಗಳಲ್ಲಿ ಎಲ್ಲಿ ಕೈ ನಿಂತಿತೋ ಆ ಒಂದೇ ಗೆರೆಯನ್ನು ಎಡಪುಟದಲ್ಲಿ ಬರೆಯಿರಿ, ಅದು ಯಾವ ಪಾಠದ್ದೆಂದು ಪತ್ತೆಹಚ್ಚಿ ಬಲಪುಟದಲ್ಲಿ ಸರಿಯಾದ ಗೆರೆಯನ್ನೂ ಮೇಲೆ ಮಾಡಿದಂತೆ ಅಂಕಿ ಹಾಕಿದ ತಾಳೆಯನ್ನೂ ಬರೆಯಿರಿ. ಎಂಟನೆಯ ತರಗತಿಯ ಪುಸ್ತಕದ ಮೊದಲ ಪುಟದಿಂದ ಹೊರಟವರು ದಸರೆಯ ಹೊತ್ತಿಗೆ ಬೇಸತ್ತು ನಿಲ್ಲಿಸುವುದನ್ನು ನೋಡಿದ್ದೇನೆ. ತಪ್ಪಿನಿಂದ ಹಿಂದಕ್ಕೆ ಹೋದವರಿಗೆ ಒಂದು ಸೆಮಿಸ್ಟರಿನಲ್ಲಿ ಸಾಮಾನ್ಯವಾಗಿ ಸಿಗುವುದು ಐದಾರು ಪಾಠಗಳಷ್ಟೇ: ಭಿನ್ನರಾಶಿ, ಘಾತಾಂಕ, ಅಪವರ್ತನ, ವರ್ಗ ಸಮೀಕರಣ, ತ್ರಿಕೋನಮಿತಿ, ಲಘುಗಣಕ.

ಕಲಿತ ಪಾಠವನ್ನು ಮರುದಿನ, ಆಮೇಲೆ ಒಂದು ವಾರಕ್ಕೆ, ಆಮೇಲೆ ಮೂರು ವಾರಕ್ಕೆ, ಕೊನೆಗೆ ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ಒಮ್ಮೆ, ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಮಾಡಿ. ಪುಸ್ತಕ ತೆರೆದು ಓದುವುದು ಇದರಲ್ಲಿ ಲೆಕ್ಕಕ್ಕಿಲ್ಲ. ಓದುವಾಗ ಎಲ್ಲವೂ ಪರಿಚಿತವೆನಿಸುತ್ತದೆ, ಪರಿಚಿತವೆನಿಸಿದ್ದನ್ನು ಬರುತ್ತದೆಂದು ತಿಳಿಯುವುದೇ ಮೋಸ. ಒಂದು ವಾರದ ನಂತರ ಕೂತಾಗ ಅರ್ಧ ಮಾತ್ರ ನೆನಪಾದರೆ ಗಾಬರಿ ಬೇಡ. ಸ್ವಲ್ಪ ಮರೆತು, ತಿಣುಕಿ ಹೊರಗೆಳೆದದ್ದೇ ಹೆಚ್ಚು ಕಾಲ ನಿಲ್ಲುತ್ತದೆ, ಆದ್ದರಿಂದ ಅಂತರವನ್ನು ಕಡಿಮೆ ಮಾಡಿ ಸುಲಭ ಮಾಡಿಕೊಳ್ಳಬೇಡಿ. ಏನೂ ನೆನಪಾಗದಿದ್ದರೆ ಮಾತ್ರ ಮರುದಿನದ ಹಂತದಿಂದ ಮತ್ತೆ ಶುರು ಮಾಡಿ. ಇದಕ್ಕೆ ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಸಾಕು. ಊರಿಗೆ ಹೋಗುವ ಬಸ್ಸಿನಲ್ಲಿ ಜೇವರ್ಗಿ ದಾಟುವುದರೊಳಗೆ ಮನಸ್ಸಿನಲ್ಲೇ ಹತ್ತು ಸೂತ್ರಗಳನ್ನು ಹೇಳಿಕೊಂಡು, ಬರದಿದ್ದದ್ದನ್ನು ಟಿಕೆಟಿನ ಹಿಂದೆ ಗುರುತು ಹಾಕಿಕೊಂಡರೂ ಆದೀತು.

ಜನ ತಪ್ಪುವ ಇನ್ನೊಂದು ಜಾಗವಿದೆ. ‘ವರ್ಗ ಸಮೀಕರಣಗಳು’ ಎಂಬ ತಲೆಬರಹದ ಕೆಳಗೆ ಇಪ್ಪತ್ತು ಲೆಕ್ಕ ಮಾಡಿದವನು ಇಪ್ಪತ್ತೂ ಸರಿ ಮಾಡುತ್ತಾನೆ, ಏಕೆಂದರೆ ಯಾವ ವಿಧಾನವೆಂದು ತಲೆಬರಹವೇ ಹೇಳಿಬಿಟ್ಟಿರುತ್ತದೆ. ಇಂಟಿಗ್ರೇಶನ್ ಲೆಕ್ಕಕ್ಕೆ ಆ ತಲೆಬರಹ ಇರುವುದಿಲ್ಲ. ನಿಮ್ಮ x² + 6x + 13 ತನ್ನನ್ನು ವರ್ಗ ಪೂರ್ಣಗೊಳಿಸಿ ಬಿಡಿಸಬೇಕೆಂದು ಹೇಳಲಿಲ್ಲ. ಆದ್ದರಿಂದ ಮೂರು ವಾರದ ಸುತ್ತಿಗೆ ಬಂದಾಗ ಬೇರೆಬೇರೆ ಪಾಠಗಳ ಲೆಕ್ಕಗಳನ್ನು ಚೀಟಿಗಳ ಮೇಲೆ ಬರೆದು, ಒಂದು ಡಬ್ಬಿಯಲ್ಲಿ ಕಲಸಿ, ಕೈಗೆ ಬಂದದ್ದನ್ನು ಮಾಡಿ. ಬಿಡಿಸುವ ಮೊದಲು ಯಾವ ವಿಧಾನ, ಏಕೆ ಎಂದು ಒಂದು ಗೆರೆ ಬರೆಯಿರಿ. ತಪ್ಪುಗಳು ಹೆಚ್ಚಾಗುತ್ತವೆ, ಆಗಲಿ.

ಕನ್ನಡ ಮಾಧ್ಯಮದ ಮಾತನ್ನು ನೀವು ಸಂಕೋಚದಿಂದ ಎತ್ತಿದಂತಿದೆ. ನಾನೂ ಅಲ್ಲಿಂದಲೇ ಬಂದವನು. ಪಿಯುಸಿಯ ಮೊದಲ ವಾರ ‘ಕೋಎಫಿಷಿಯಂಟ್’ ಎಂಬುದು ಹೊಸ ಪಾಠವಿರಬೇಕೆಂದು ಹೆದರಿ ಕೂತಿದ್ದೆ. ಅದು ನನ್ನ ಹಳೆಯ ಸಹಗುಣಕವೆಂದು ತಿಳಿಯಲು ಹತ್ತು ದಿನ ಬೇಕಾಯಿತು, ಕೇಳಲು ನಾಚಿಕೆ ಅಡ್ಡಬಂದಿತ್ತು. ನಿಮ್ಮ ಮರೆವಿನಲ್ಲಿ ಒಂದು ಪಾಲು ಇದೇ ಇರುತ್ತದೆ: ವಿಷಯ ಇದೆ, ಹೆಸರು ಬದಲಾಗಿದೆ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಛೇದ ಎಂದರೆ ಡಿನಾಮಿನೇಟರ್, ಅಪವರ್ತನ ಎಂದರೆ ಫ್ಯಾಕ್ಟರೈಸೇಶನ್, ನಿತ್ಯಸಮೀಕರಣ ಎಂದರೆ ಐಡೆಂಟಿಟಿ, ಬಹುಪದೋಕ್ತಿ ಎಂದರೆ ಪಾಲಿನಾಮಿಯಲ್ ಎಂದು ಬರೆದು, ಪ್ರತಿಯೊಂದರ ಎದುರಿಗೂ ಒಂದು ಉದಾಹರಣೆ ಇಡಿ. ಅರವತ್ತು ಎಪ್ಪತ್ತು ಪದಗಳಾಗಬಹುದು. ಬರೀ ಪದದ ಜೋಡಿ ಬರೆದರೆ ಅದು ಇಂಗ್ಲಿಷ್ ಪಾಠವಾಗುತ್ತದೆ, ಉದಾಹರಣೆ ಇದ್ದರೆ ಗಣಿತವಾಗುತ್ತದೆ.

ಪ್ರಶ್ನೆ: ನಮ್ಮ ಹುಮನಾಬಾದಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿಡ್ ಬ್ರೇನ್ ತರಬೇತಿ ಬಂದಿದೆ. ಕಲಿತದ್ದು ಜನ್ಮದಲ್ಲಿ ಮರೆಯುವುದಿಲ್ಲ ಎನ್ನುತ್ತಾರೆ. ಮಗಳನ್ನು ಕಳುಹಿಸಲೇ?

ಉತ್ತರ: ಮೂಗಿನ ಪಕ್ಕದ ಸಂದಿಗೆ ಹತ್ತಿ ತುಂಬಿ ಓದಲು ಹೇಳಿರಿ, ನಿಮಗೇ ಉತ್ತರ ಸಿಗುತ್ತದೆ. ಹಣ ಕೊಡಬೇಡಿ.

ಪ್ರಶ್ನೆ: ನೆನಪಿನ ಶಕ್ತಿಗೆ ಯಾವ ಲೇಹ್ಯ ಒಳ್ಳೆಯದು?

ಉತ್ತರ: ಈ ಅಂಕಣಕ್ಕೆ ಇದನ್ನು ಇನ್ನು ಮುಂದೆ ಕಳುಹಿಸಬೇಡಿ.

ಪ್ರಶ್ನೆ: ಬೆಳಗಿನ ನಾಲ್ಕಕ್ಕೆ ಎದ್ದು ಓದಿದ್ದು ಹೆಚ್ಚು ದಿನ ಉಳಿಯುತ್ತದೆಯೇ?

ಉತ್ತರ: ರಾತ್ರಿ ಹತ್ತಕ್ಕೆ ಮಲಗಿದ್ದರೆ ಏಳಿ. ಒಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ, ಹಿಂದಿನ ದಿನ ಕಲಿತದ್ದು ನಿದ್ದೆಯಲ್ಲಿ ನೆಲೆಗೊಳ್ಳಲು ಬೇಕಾದ ಹೊತ್ತನ್ನೇ ಕಳೆದುಕೊಂಡಿರುತ್ತೀರಿ.

ಪ್ರಶ್ನೆ: ಮಗ ಪಿಯುಸಿ ಮುಗಿಸಿ ಬೀದರಿನಲ್ಲಿ ಡಿಗ್ರಿಗೆ ಸೇರಿದ್ದಾನೆ. ಅವನ ಎಂಟು, ಒಂಬತ್ತು, ಹತ್ತರ ಪುಸ್ತಕಗಳನ್ನು ರದ್ದಿಗೆ ಹಾಕಲೇ?

ಉತ್ತರ: ಗಣಿತ ಮತ್ತು ವಿಜ್ಞಾನದ ಪುಸ್ತಕಗಳನ್ನು ಇಟ್ಟುಕೊಳ್ಳಿ, ಮರೆತ ಪಾಠವನ್ನು ತಾನು ಕಲಿತ ಅದೇ ಪುಟದಲ್ಲಿ ಹುಡುಕಿದವನಿಗೆ ಅದು ಬೇಗ ಸಿಗುತ್ತದೆ. ಗೈಡುಗಳನ್ನು ಮಾತ್ರ ತೂಕಕ್ಕೆ ಹಾಕಿ.