ಬಾಕ್ಸ್‌ನಲ್ಲಿ ಚಾರ್ಜರ್ ಇಲ್ಲ ಎಂಬ ದೂರು: ಬರೆಯುವಾಗಲೇ ತಪ್ಪಿಸುವುದು ಹೇಗೆ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಸಣ್ಣ ಬ್ಲೂಟೂತ್ ಸ್ಪೀಕರ್ ಮಾರುತ್ತೇನೆ. ಬಾಕ್ಸ್‌ನಲ್ಲಿ ‘ಸ್ಪೀಕರ್, ಚಾರ್ಜಿಂಗ್ ಆಕ್ಸೆಸರಿ, ಮ್ಯಾನುಯಲ್’ ಇರುತ್ತದೆ ಎಂದು ಹಾಕಿದ್ದೇನೆ. ಆದರೂ ಚಾರ್ಜರ್ ಬಂದಿಲ್ಲ, ಕೇಬಲ್ ಇಲ್ಲ ಎಂದು ವಾಪಸ್ ಕಳಿಸುತ್ತಾರೆ. ಹೇಗೆ ಬರೆಯಲಿ?

ಉತ್ತರ: ಜಗಳ ಹುಟ್ಟುತ್ತಿರುವುದೇ ‘ಚಾರ್ಜಿಂಗ್ ಆಕ್ಸೆಸರಿ’ಯಿಂದ. ನೀವು ಕೇಬಲ್ ಮಾತ್ರ ಕಳಿಸುತ್ತಿರಬೇಕು; ಓದಿದವರು ಅಡಾಪ್ಟರೂ ಬರುತ್ತದೆ ಅಂದುಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ಎರಡನ್ನೂ ಬೇರೆಬೇರೆಯಾಗಿ ಹೆಸರಿಸಿ. ನಾನಾದರೆ ಹೀಗೆ ಬರೆಯುತ್ತೇನೆ:

“ಬಾಕ್ಸ್‌ನಲ್ಲಿ ಇರುವುದು: ಸ್ಪೀಕರ್ 1. ಚಾರ್ಜಿಂಗ್ ಕೇಬಲ್ 1 (ಒಂದು ತುದಿ ಯುಎಸ್‌ಬಿ-ಎ, ಇನ್ನೊಂದು ಟೈಪ್-ಸಿ, ಉದ್ದ 30 ಸೆಂ.ಮೀ.). ಬಳಸುವ ವಿಧಾನದ ಹಾಳೆ 1, ಇಂಗ್ಲಿಷ್‌ನಲ್ಲಿ. ಬಾಕ್ಸ್‌ನಲ್ಲಿ ಇಲ್ಲದ್ದು: ಗೋಡೆಯ ಸಾಕೆಟ್ಟಿಗೆ ಹಾಕುವ ಅಡಾಪ್ಟರ್, ಆಕ್ಸ್ ಕೇಬಲ್. 5 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ನಿಮ್ಮಲ್ಲಿರಬೇಕು.”

ಅಳತೆಗಳನ್ನು ನಿಮ್ಮ ಸ್ಪೀಕರ್‌ಗೆ ತಕ್ಕಂತೆ ಬದಲಿಸಿಕೊಳ್ಳಿ. ತುದಿಗಳ ವಿವರ ಮಾತ್ರ ಬಿಡಬೇಡಿ. ಈಗ ಎಷ್ಟೋ ಮನೆಗಳಲ್ಲಿರುವುದು ಟೈಪ್-ಸಿ ಕಿಂಡಿಯ ಅಡಾಪ್ಟರ್. ಅದಕ್ಕೆ ಯುಎಸ್‌ಬಿ-ಎ ತುದಿ ಕೂರುವುದಿಲ್ಲ. ಇನ್ನೊಂದು ತೊಡಕು: ಕೆಲವು ಅಗ್ಗದ ಸ್ಪೀಕರ್‌ಗಳು ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಚಾರ್ಜೇ ಆಗುವುದಿಲ್ಲ, ಏಕೆಂದರೆ ಒಳಗೆ ಅದಕ್ಕೆ ಬೇಕಾದ ಪುಟ್ಟ ರೆಸಿಸ್ಟರ್‌ಗಳನ್ನು ಹಾಕಿರುವುದಿಲ್ಲ. ನೀವೇ ಒಮ್ಮೆ ಹಾಕಿ ನೋಡಿ. ಆಗದಿದ್ದರೆ “ಜೊತೆಗೆ ಬಂದ ಕೇಬಲ್ಲನ್ನೇ ಬಳಸಿ” ಎಂದು ಸೇರಿಸಿ.

‘ಇಲ್ಲದ್ದು’ ಎಂಬ ಸಾಲು ಪುಟದ ತಳಕ್ಕೆ ಹೋಗಬಾರದು. ಯುರೋಪಿನ ಒಕ್ಕೂಟದಲ್ಲಂತೂ 2024ರ ಡಿಸೆಂಬರ್ 28ರಿಂದ ಫೋನ್, ಸ್ಪೀಕರ್ ಮುಂತಾದವುಗಳ ಜೊತೆ ಅಡಾಪ್ಟರ್ ಬರುತ್ತದೋ ಇಲ್ಲವೋ ಎಂಬುದನ್ನು ಚಿತ್ರದಲ್ಲೇ ತೋರಿಸಬೇಕು, ಆನ್‌ಲೈನ್ ಮಾರಾಟದಲ್ಲಿ ಬೆಲೆಯ ಹತ್ತಿರವೇ. ನಮ್ಮಲ್ಲೂ ಹಾಗೆ ಮಾಡಲು ಯಾರ ಅಡ್ಡಿಯೂ ಇಲ್ಲ. ಫೋಟೊದಲ್ಲಿ ಅಂದಕ್ಕೆಂದು ಫೋನು, ಅಡಾಪ್ಟರ್ ಇಟ್ಟಿದ್ದರೆ ತೆಗೆಯಿರಿ. ಗ್ರಾಹಕ ನಂಬುವುದು ಫೋಟೊವನ್ನೇ.

“ಕೇಬಲ್ ಇಲ್ಲ” ಎನ್ನುವವರಲ್ಲಿ ಕೆಲವರಿಗೆ ಅದು ಕಂಡೇ ಇರುವುದಿಲ್ಲ. ಸ್ಪೀಕರ್ ಕೂತ ರಟ್ಟಿನ ಟ್ರೇ ಕೆಳಗೆ ಕೇಬಲ್ ಇಡುವ ರೂಢಿ ಇದೆ. ನಿಮ್ಮದೂ ಹಾಗಿದ್ದರೆ “ಕೇಬಲ್ ಮತ್ತು ಹಾಳೆ ಟ್ರೇ ಕೆಳಗಿವೆ, ಟ್ರೇ ಎತ್ತಿ ನೋಡಿ” ಎಂದು ಪುಟದಲ್ಲೂ ಬಾಕ್ಸ್ ಮುಚ್ಚಳದ ಒಳಗಿನ ಚೀಟಿಯಲ್ಲೂ ಬರೆಯಿರಿ. ಹಾಳೆಯ ಬದಲು ಕ್ಯೂಆರ್ ಕೋಡ್ ಮಾತ್ರ ಇದ್ದರೆ “ಮುದ್ರಿತ ಮ್ಯಾನುಯಲ್ ಇಲ್ಲ” ಎಂದೇ ಹೇಳಿ.

ಹೊಸ ಲಾಟ್ ಬಂದಾಗಲೆಲ್ಲ ಒಂದು ಬಾಕ್ಸ್ ಬಿಚ್ಚಿ ಪಟ್ಟಿಯೊಂದಿಗೆ ತಾಳೆ ನೋಡಿ. ತಯಾರಕರು ಹೇಳದೆ ಕೇಳದೆ ಕೇಬಲ್ ಬದಲಿಸುತ್ತಾರೆ, ಆಕ್ಸ್ ವೈರ್ ಕೈಬಿಡುತ್ತಾರೆ. ಪಟ್ಟಿಯಲ್ಲಿರುವ ಕೇಬಲ್ ನಿಜಕ್ಕೂ ಹೋಗಿಲ್ಲ ಎಂದಾದರೆ ವಾದ ಬೇಡ, ಸ್ಪೀಕರ್ ವಾಪಸ್ ತರಿಸದೆ ಕೇಬಲ್ ಒಂದನ್ನೇ ಕಳಿಸಿ.