ಬಂದ ಹಣವೋ, ಕೇಳಿದ ಹಣವೋ?

ಹಳೆಯ ಸೋಫಾ ಮಾರಾಟಕ್ಕಿಟ್ಟಿದ್ದೆ. ಕೊಳ್ಳುವವರು ‘₹4,500 ಕಳಿಸಿದ್ದೇನೆ, ಒಪ್ಪಿಗೆ ಕೊಡಿ’ ಎನ್ನುತ್ತಿದ್ದಾರೆ. ಆ್ಯಪ್‌ನಲ್ಲಿ ಸೂಚನೆಯೂ ಬಂದಿದೆ. ಇದು ಹಣ ಬಂದಂತೆಯೇ?

ಅಲ್ಲ, ಅದು ನಿಮ್ಮಿಂದ ಹಣ ಕೇಳುವ ಕಲೆಕ್ಟ್ ರಿಕ್ವೆಸ್ಟ್. ಯುಪಿಐಯಲ್ಲಿ ನಿಜವಾಗಿ ಬರುವ ಹಣ ನಿಮ್ಮ ಒಪ್ಪಿಗೆಗೆ ಕಾಯದೆ ನೇರವಾಗಿ ಖಾತೆಗೆ ಜಮೆಯಾಗುತ್ತದೆ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ನಿಮ್ಮ ಪರದೆಯಲ್ಲಿ Pay ಮತ್ತು Decline ಎಂಬ ಗುಂಡಿಗಳಿದ್ದು, ಮೊದಲನೆಯದನ್ನು ಒತ್ತಿದರೆ ಪಿನ್ ಕೇಳುತ್ತದೆ ಎಂದಾದರೆ, ಆ ₹4,500 ಹೋಗುವುದು ನಿಮ್ಮ ಖಾತೆಯಿಂದಲೇ. ಜೊತೆಗಿರುವ ‘ಮುಂಗಡ ಪಾವತಿ’ ಎಂಬಂಥ ಟಿಪ್ಪಣಿಯನ್ನು ಕೇಳುವವನೇ ಬರೆದಿರುತ್ತಾನೆ, ಆದ್ದರಿಂದ ಅದಕ್ಕೆ ಬೆಲೆಯಿಲ್ಲ.

ವ್ಯಕ್ತಿಗಳ ನಡುವಿನ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಸೂಚಿಸಿತ್ತು. ವ್ಯಾಪಾರಿ ಖಾತೆಗಳಿಗೆ ಅವಕಾಶ ಉಳಿದಿರುವುದರಿಂದ, ಅಂಗಡಿಯ ಹೆಸರಿನಲ್ಲಿ ಬಂದಿದ್ದರೂ ನೀವು ಏನನ್ನೂ ಕೊಳ್ಳದಿದ್ದರೆ Decline ಒತ್ತಿ. ಹಣ ಬಂದಿದೆಯೇ ಎಂಬುದನ್ನು ಅವರು ಕಳಿಸಿದ ಸ್ಕ್ರೀನ್‌ಶಾಟ್ ಅಥವಾ ಎಸ್‌ಎಂಎಸ್‌ನಿಂದಲ್ಲ, ಖಾತೆಯ ಬ್ಯಾಲೆನ್ಸ್‌ನಿಂದಲೇ ನೋಡಿ (ಬ್ಯಾಲೆನ್ಸ್ ನೋಡಲು ಪಿನ್ ಕೇಳುವುದು ಸಹಜ, ಅದರಿಂದ ಗೊಂದಲ ಬೇಡ). ಈಗಾಗಲೇ ಪಿನ್ ಒತ್ತಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ನಿಮ್ಮ ಬ್ಯಾಂಕಿಗೂ ಕರೆಮಾಡಿ.