ಗಿಯರ್ ದಾಟಿ ಬರುವ ತಿರುಚು

ಸಂಪಾದಕರಿಗೆ ನಮಸ್ಕಾರ. ಗಿಯರ್‌ಗಳಿಂದ ಜೋಡಿಸಿದ ಎರಡು ಶಾಫ್ಟ್‌ಗಳ ಬಗ್ಗೆ ಲೇಖನ ಕಳುಹಿಸಿದ್ದೇನೆ. ಎರಡೂ ಉಕ್ಕಿನವು. ಮೊದಲನೆಯದರ ವ್ಯಾಸ 20 ಮಿ.ಮೀ., ಉದ್ದ 600 ಮಿ.ಮೀ., ಅದರ ಗಿಯರಿಗೆ 20 ಹಲ್ಲು. ಎರಡನೆಯದರ ವ್ಯಾಸ 30 ಮಿ.ಮೀ., ಉದ್ದ 800 ಮಿ.ಮೀ., ಗಿಯರಿಗೆ 60 ಹಲ್ಲು. ಇದರ ಹೊರತುದಿಯನ್ನು ಅಲುಗದಂತೆ ಬಿಗಿದಿದೆ. ಮೊದಲ ಶಾಫ್ಟಿನ ಹೊರತುದಿಗೆ 50 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟರೆ ಆ ತುದಿ ಎಷ್ಟು ತಿರುಗುತ್ತದೆ ಎಂಬುದು ಪ್ರಶ್ನೆ. ಶಾಫ್ಟ್‌ಗಳ ತಿರುಚು 1.37 ಮತ್ತು 1.08 ಡಿಗ್ರಿ, ಒಟ್ಟು 2.45 ಡಿಗ್ರಿ ಎಂದು ಲೆಕ್ಕ ಹಾಕಿದ್ದೇನೆ. ಹೆಚ್ಚು ತಿರುಚುವ ತೆಳು ಶಾಫ್ಟನ್ನೇ ದಪ್ಪ ಮಾಡಬೇಕು ಎಂಬುದು ನನ್ನ ತೀರ್ಮಾನ. ಪ್ರಕಟಣೆಗೆ ಯೋಗ್ಯವೇ? ನಿಸ್ಸಂಕೋಚವಾಗಿ ತಿಳಿಸಿ.

ನಮಸ್ಕಾರ.

ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ನಿಮ್ಮ ಎರಡು ಬಿಡಿ ಅಂಕಿಗಳೂ ಸರಿಯಾಗಿವೆ. ಅವುಗಳನ್ನು ಕೂಡಿದ ರೀತಿ ತಪ್ಪು. ಆ ಮೊತ್ತವನ್ನು ನಂಬಿ ಕೊಟ್ಟ ಸಲಹೆ ಅದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಓದುಗರು ಅದನ್ನು ಅನುಸರಿಸಿದರೆ ಬೇಡದ ಶಾಫ್ಟಿಗೆ ಉಕ್ಕು ಸುರಿದು, ತೊಂದರೆ ಕೊಡುವ ಶಾಫ್ಟನ್ನು ಹಾಗೆಯೇ ಬಿಡುತ್ತಾರೆ. ಎಲ್ಲಿ ಎಡವಿದ್ದೀರಿ ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ. ಇದೇ ಜಾಗದಲ್ಲಿ ಬಹಳ ವಿದ್ಯಾರ್ಥಿಗಳೂ ಎಡವುತ್ತಾರೆ; ಸರಿಪಡಿಸಿದರೆ ಲೇಖನ ಅವರ ಕೈಗೆ ಬರಲೇಬೇಕಾದದ್ದು.

ಎಡವಟ್ಟಿನ ಬೇರು ನಿಮ್ಮ ಎರಡನೆಯ ಪರಿಚ್ಛೇದದಲ್ಲಿದೆ. ‘ಗಿಯರ್ ಟಾರ್ಕನ್ನು ಮೂರು ಪಟ್ಟು ಮಾಡುತ್ತದೆ’ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಹೇಗೆ ಮಾಡುತ್ತದೆ ಎಂದು ಕೇಳಿಕೊಂಡಿದ್ದರೆ ಹಲ್ಲುಗಳು ಒಂದಕ್ಕೊಂದು ತಾಗುವ ಬಿಂದುವಿನ ಬಳಿ ನಿಲ್ಲಬೇಕಾಗುತ್ತಿತ್ತು. ಅಲ್ಲಿ ಸಮವಾಗಿರುವುದು ಎರಡೇ: ಒಂದು ಹಲ್ಲು ಇನ್ನೊಂದನ್ನು ತಳ್ಳುವ ಬಲ, ಮತ್ತು ಎರಡೂ ಗಿಯರ್‌ಗಳ ಅಂಚು ಸರಿದ ದೂರ. ಟಾರ್ಕೂ ಸಮವಲ್ಲ, ಕೋನವೂ ಸಮವಲ್ಲ. ಇಡೀ ಲೇಖನ ಈ ಮಾತಿನಿಂದ ಹೊರಡಬೇಕು.

ನಿಮ್ಮ ಅಂಕಿಗಳನ್ನೇ ಹಿಡಿಯೋಣ. ನಾಲ್ಕು ಮಿಲಿಮೀಟರ್ ಮಾಡ್ಯೂಲಿನ ಹಲ್ಲು ಎಂದು ಲೇಖನದಲ್ಲಿ ಹೇಳಿದ್ದೀರಿ, ಅಂದರೆ ಹಲ್ಲುಗಳು ಒಂದಕ್ಕೊಂದು ತಾಗುವ ಪಿಚ್ ವೃತ್ತದ ವ್ಯಾಸದಲ್ಲಿ ಪ್ರತಿ ಹಲ್ಲಿಗೆ ನಾಲ್ಕು ಮಿ.ಮೀ. ಹಾಗಾದರೆ 20 ಹಲ್ಲಿನ ಗಿಯರಿನ ಪಿಚ್ ವೃತ್ತದ ತ್ರಿಜ್ಯ 40 ಮಿ.ಮೀ., 60 ಹಲ್ಲಿನದ್ದು 120 ಮಿ.ಮೀ. ಮೊದಲ ಶಾಫ್ಟಿನ 50 ನ್ಯೂಟನ್-ಮೀಟರನ್ನು ತಡೆದು ನಿಲ್ಲಿಸಲು 0.04 ಮೀಟರ್ ದೂರದಲ್ಲಿ ಹಲ್ಲಿನ ಮೇಲೆ 1250 ನ್ಯೂಟನ್ ಬಲ ಬೇಕು. ಅದೇ 1250 ನ್ಯೂಟನ್ ದೊಡ್ಡ ಗಿಯರಿನ ಹಲ್ಲಿನ ಮೇಲೆ ಎದುರು ದಿಕ್ಕಿನಲ್ಲಿ ಬೀಳುತ್ತದೆ, ಆದರೆ ಅದರ ಅಕ್ಷದಿಂದ 0.12 ಮೀಟರ್ ದೂರದಲ್ಲಿ. ಆದ್ದರಿಂದ ಎರಡನೆಯ ಶಾಫ್ಟಿನಲ್ಲಿ 150 ನ್ಯೂಟನ್-ಮೀಟರ್.

ಇಲ್ಲಿ ಜಾಣ ಓದುಗನೊಬ್ಬ ಕೇಳುವ ಪ್ರಶ್ನೆ ಒಂದಿದೆ, ಅದಕ್ಕೆ ನೀವು ಉತ್ತರ ಇಟ್ಟುಕೊಂಡಿಲ್ಲ. ಒಳಗೆ 50 ಕೊಟ್ಟು ಹೊರಗೆ 150 ಪಡೆದರೆ ಸಮತೋಲನ ಎಲ್ಲಿ ಉಳಿಯಿತು? ಉತ್ತರ ಬೇರಿಂಗ್‌ಗಳಲ್ಲಿದೆ. ನೀವು ಕೊಡುವ 50 ಮತ್ತು ಬಿಗಿದ ತುದಿ ತಡೆಯಲು ಕೊಡುವ 150, ಎರಡೂ ಒಂದೇ ದಿಕ್ಕಿನವು, ಏಕೆಂದರೆ ಹೊರಹಲ್ಲಿನ ಗಿಯರ್‌ಗಳು ಎದುರುಬದುರಾಗಿ ತಿರುಗುತ್ತವೆ. ಒಟ್ಟು 200. ಪ್ರತಿ ಶಾಫ್ಟನ್ನೂ ಅದರ ಬೇರಿಂಗ್‌ಗಳು 1250 ನ್ಯೂಟನ್‌ನಿಂದ ಹಿಡಿದಿವೆ, ಒಂದು ಶಾಫ್ಟಿನಲ್ಲಿ ಮೇಲಕ್ಕಾದರೆ ಇನ್ನೊಂದರಲ್ಲಿ ಕೆಳಕ್ಕೆ. ಎರಡು ಅಕ್ಷಗಳ ನಡುವಿನ ದೂರ 0.16 ಮೀಟರ್. ಗುಣಿಸಿ ನೋಡಿ: ಸರಿಯಾಗಿ 200. ಹೆಚ್ಚಾದಂತೆ ಕಂಡ ಟಾರ್ಕಿನ ಲೆಕ್ಕವನ್ನು ಬೇರಿಂಗ್‌ಗಳನ್ನು ಹೊತ್ತ ಪೆಟ್ಟಿಗೆ ತೀರಿಸುತ್ತದೆ, ಆದ್ದರಿಂದಲೇ ಗಿಯರ್ ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಭದ್ರವಾಗಿ ಕೂರಿಸುತ್ತಾರೆ. ಈ ಒಂದು ಗುಣಾಕಾರ ನಿಮ್ಮ ಲೇಖನದಲ್ಲಿ ಇರಲೇಬೇಕು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಲೆಕ್ಕ ಇದು.

ಈಗ ತಿರುಚಿಗೆ ಬರೋಣ. ಉಕ್ಕಿನ ಜಾರುಗುಣಾಂಕವನ್ನು 80 ಗಿಗಾಪಾಸ್ಕಲ್ ಎಂದು ಹಿಡಿದು ನೀವು φ = TL/GJ ಸೂತ್ರ ಹಾಕಿದ್ದೀರಿ. ಇಲ್ಲಿ φ ತಿರುಚಿನ ಕೋನ, T ಟಾರ್ಕ್, L ಉದ್ದ, G ಆ ಜಾರುಗುಣಾಂಕ ಎಂದರೆ ತಿರುಚಿಗೆ ಉಕ್ಕು ಒಡ್ಡುವ ಬಿಗುವು, J ವ್ಯಾಸದ ನಾಲ್ಕನೆಯ ಘಾತದಂತೆ ಬೆಳೆಯುವ ಅಡ್ಡಕೊಯ್ತದ ಅಳತೆ. ಮೊದಲ ಶಾಫ್ಟಿಗೆ 1.37 ಡಿಗ್ರಿ, ಎರಡನೆಯದಕ್ಕೆ 1.08 ಡಿಗ್ರಿ. ಸೂತ್ರ ಸರಿ, ಉತ್ತರಗಳು ಸರಿ. ಆದರೆ ಆ 1.08 ಡಿಗ್ರಿ ಯಾರದ್ದು? ಅದು ದೊಡ್ಡ ಗಿಯರ್ ತಿರುಗಿದ ಕೋನ. ಮೊದಲ ಶಾಫ್ಟಿನ ಹೊರತುದಿಗೆ ಅದು ನೇರವಾಗಿ ತಲುಪುವುದಿಲ್ಲ; ಹಲ್ಲುಗಳ ಮೂಲಕ ದಾಟಿ ಬರಬೇಕು. ದಾಟುವಾಗ ಸಮವಾಗಿ ಉಳಿಯುವುದು ಅಂಚು ಸರಿದ ದೂರ. ದೊಡ್ಡ ಗಿಯರ್ 1.08 ಡಿಗ್ರಿ ತಿರುಗಿದಾಗ ಅದರ ಪಿಚ್ ವೃತ್ತದ ಅಂಚು ಸುಮಾರು 2.26 ಮಿ.ಮೀ. ಸರಿಯುತ್ತದೆ. ಚಿಕ್ಕ ಗಿಯರಿನ ಅಂಚೂ ಅಷ್ಟೇ ಸರಿಯಬೇಕು, ಆದರೆ ಅದರ ತ್ರಿಜ್ಯ ಮೂರನೆಯ ಒಂದು ಭಾಗ. ಹಾಗಾಗಿ ಅದು 3.24 ಡಿಗ್ರಿ ತಿರುಗುತ್ತದೆ. ಇದರ ಮೇಲೆ ಮೊದಲ ಶಾಫ್ಟಿನ ಸ್ವಂತ ತಿರುಚು 1.37 ಸೇರಿ ಹೊರತುದಿ ತಿರುಗುವುದು 4.61 ಡಿಗ್ರಿ. ನೀವು ಹೇಳಿದ್ದರ ಸುಮಾರು ಎರಡು ಪಟ್ಟು.

ತಿರುಗಾಮುರುಗಾ ಮಾಡಿ ಪರೀಕ್ಷಿಸುವ ದಾರಿಯನ್ನೂ ಓದುಗರಿಗೆ ಕೊಡಿ. ಮೊದಲ ಶಾಫ್ಟಿನ ಹೊರತುದಿಯನ್ನು ಬಿಗಿದು, ಎರಡನೆಯದರ ಹೊರತುದಿಗೆ 150 ನ್ಯೂಟನ್-ಮೀಟರ್ ಕೊಟ್ಟರೆ ಶಾಫ್ಟ್‌ಗಳೊಳಗಿನ ಟಾರ್ಕ್‌ಗಳು ಹಿಂದಿನಷ್ಟೇ. ಈಗ ಚಿಕ್ಕ ಗಿಯರ್ ತಿರುಗುವುದು 1.37, ಅದು ದೊಡ್ಡ ಗಿಯರಿಗೆ ದಾಟುವಾಗ ಮೂರರಿಂದ ಭಾಗವಾಗಿ 0.46 ಆಗುತ್ತದೆ, 1.08 ಸೇರಿದರೆ 1.54 ಡಿಗ್ರಿ. ಇದು 4.61ರ ಮೂರನೆಯ ಒಂದು ಭಾಗ. ಎರಡು ತುದಿಗಳಿಂದ ಹೊರಟ ಲೆಕ್ಕಗಳು ಒಂದಕ್ಕೊಂದು ತಾಳೆಯಾದವು. ನಿಮ್ಮ 2.45 ಇಂಥ ಪರೀಕ್ಷೆಗೆ ನಿಲ್ಲುವುದಿಲ್ಲ: ಎರಡೂ ತುದಿಗಳಿಂದ ಒಂದೇ ಕೋನ ಬಂದರೆ, ಒಂದು ಕಡೆ 50 ಮತ್ತು ಇನ್ನೊಂದು ಕಡೆ 150 ನ್ಯೂಟನ್-ಮೀಟರ್ ಮಾಡಿದ ಕೆಲಸ ಬೇರೆಬೇರೆಯಾಗುತ್ತದೆ. ಆದರೆ ಎರಡೂ ಸಲ ಶಾಫ್ಟ್‌ಗಳಲ್ಲಿ ಕೂಡಿಟ್ಟ ಶಕ್ತಿ ಒಂದೇ.

ಈಗ ನಿಮ್ಮ ತೀರ್ಮಾನ ಏಕೆ ತಲೆಕೆಳಗಾಯಿತು ಎಂಬುದು ಕಾಣುತ್ತದೆ. ಹೊರತುದಿಯಲ್ಲಿ ನಿಂತು ನೋಡಿದರೆ 4.61ರಲ್ಲಿ 3.24 ಡಿಗ್ರಿ ಬಂದದ್ದು ದಪ್ಪ ಶಾಫ್ಟಿನಿಂದ. ಗಿಯರ್ ಅದರ ಮೇಲೆ ಎರಡು ಸಲ ಕೈ ಹಾಕಿದೆ: ಒಳಗೆ ಹೋಗುವಾಗ ಟಾರ್ಕನ್ನು ಮೂರು ಪಟ್ಟು ಮಾಡಿತು, ಹೊರಗೆ ಬರುವಾಗ ಕೋನವನ್ನು ಮೂರು ಪಟ್ಟು ಮಾಡಿತು. ಒಟ್ಟು ಒಂಬತ್ತು ಪಟ್ಟು. ಗಿಯರ್ ಅನುಪಾತದ ವರ್ಗ ಎನ್ನುವುದು ಇದನ್ನೇ. ನೀವು ಹೇಳಿದಂತೆ ತೆಳು ಶಾಫ್ಟನ್ನು 20ರಿಂದ 24 ಮಿ.ಮೀ.ಗೆ ಏರಿಸಿದರೆ, ವ್ಯಾಸದ ನಾಲ್ಕನೆಯ ಘಾತದಂತೆ ಅದರ ತಿರುಚು ಅರ್ಧಕ್ಕಿಂತ ಕಡಿಮೆಯಾಗಿ, ಒಟ್ಟು ಕೋನ 4.61ರಿಂದ 3.90ಕ್ಕೆ ಇಳಿಯುತ್ತದೆ. ಅದೇ ಪ್ರಮಾಣದಲ್ಲಿ ದಪ್ಪ ಶಾಫ್ಟನ್ನು 30ರಿಂದ 36ಕ್ಕೆ ಏರಿಸಿದರೆ ಒಟ್ಟು 2.93ಕ್ಕೆ ಇಳಿಯುತ್ತದೆ. ಈಗಾಗಲೇ ದಪ್ಪವಾಗಿರುವುದನ್ನೇ ಇನ್ನಷ್ಟು ದಪ್ಪ ಮಾಡಬೇಕು ಎಂಬ ಉತ್ತರ ಮೊದಲ ನೋಟಕ್ಕೆ ಒಪ್ಪಿಗೆಯಾಗುವುದಿಲ್ಲ, ಆದ್ದರಿಂದಲೇ ಅದನ್ನು ಅಂಕಿಗಳೊಡನೆ ತೋರಿಸಬೇಕು. ಒಂದು ಎಚ್ಚರಿಕೆ ಮಾತ್ರ ಸೇರಿಸಿ: ಇದು ತಿರುಚಿನ ಮಾತು, ಮುರಿಯುವ ಮಾತಲ್ಲ. ಜಾರುಒತ್ತಡ ತೆಳು ಶಾಫ್ಟಿನಲ್ಲಿ ಸುಮಾರು 32, ದಪ್ಪದರಲ್ಲಿ 28 ಮೆಗಾಪಾಸ್ಕಲ್. ಬಲದ ದೃಷ್ಟಿಯಿಂದ ಸ್ವಲ್ಪ ಹಿಂದೆ ಬಿದ್ದಿರುವುದು ತೆಳು ಶಾಫ್ಟೇ.

ವೇಗದ ಭಾಗವನ್ನು ನೀವು ಬಹಳ ಉದ್ದ ಬೆಳೆಸಿದ್ದೀರಿ, ಅರ್ಧಕ್ಕೆ ಇಳಿಸಿ. ಬಿಗಿದ ತುದಿಯನ್ನು ಬಿಡಿಸಿ ಅಲ್ಲಿ ಹೊರೆ ಇಟ್ಟು ನಿಮಿಷಕ್ಕೆ 1500 ಸುತ್ತು ಓಡಿಸಿದರೆ ಎರಡನೆಯ ಶಾಫ್ಟ್ 500 ಸುತ್ತು ತಿರುಗುತ್ತದೆ. 50 ನ್ಯೂಟನ್-ಮೀಟರ್ 1500ರಲ್ಲಿ ಸುಮಾರು 7.85 ಕಿಲೋವಾಟ್, 150 ನ್ಯೂಟನ್-ಮೀಟರ್ 500ರಲ್ಲಿಯೂ ಅಷ್ಟೇ. ಇಷ್ಟು ಸಾಕು. ಆದರೆ ‘ಘರ್ಷಣೆಯಿಂದ ಹೊರಬರುವ ವೇಗ ಸ್ವಲ್ಪ ಕುಗ್ಗುತ್ತದೆ’ ಎಂಬ ವಾಕ್ಯವನ್ನು ತೆಗೆದುಹಾಕಿ. ಹಲ್ಲುಗಳ ಸಂಖ್ಯೆ ವೇಗದ ಅನುಪಾತವನ್ನು ಕಟ್ಟಿಹಾಕಿದೆ. ಹಲ್ಲು ಮುರಿಯದ ಹೊರತು 1500ಕ್ಕೆ 500 ತಪ್ಪುವುದಿಲ್ಲ. ನಷ್ಟ ಕಾಣಿಸಿಕೊಳ್ಳುವುದು ಟಾರ್ಕಿನಲ್ಲಿ. ನೂರಕ್ಕೆ ಎರಡರಷ್ಟು ಶಕ್ತಿ ಹಲ್ಲುಗಳ ಜಾರುವಿಕೆಯಲ್ಲಿ ಬಿಸಿಯಾಗಿ ಹೋದರೆ ಹೊರಗೆ ಸಿಗುವುದು 150ರ ಬದಲು 147. ವೇಗ ಕುಗ್ಗುವುದು ಜಾರಬಲ್ಲ ಬೆಲ್ಟಿನಲ್ಲಿ, ಗಿಯರಿನಲ್ಲಲ್ಲ. ಹೀಗೆ ಓಡುವಾಗಲೂ ಶಾಫ್ಟ್‌ಗಳು ತಿರುಚಿಕೊಂಡೇ ಇರುತ್ತವೆ ಎಂದು ಒಂದು ಮಾತು ಸೇರಿಸಿ. ಟಾರ್ಕ್ ಸ್ಥಿರವಾಗಿದ್ದರೆ ತಿರುಚೂ ಸ್ಥಿರ, ವೇಗ ಎಷ್ಟೇ ಇರಲಿ.

ನಿಮ್ಮ ಚಿತ್ರದಲ್ಲೂ ಒಂದು ತೊಡಕಿದೆ. ತ್ರಿಜ್ಯವನ್ನು ಹಲ್ಲಿನ ತುದಿಯವರೆಗೆ ಎಳೆದು 44 ಮತ್ತು 124 ಎಂದು ಬರೆದಿದ್ದೀರಿ, ಲೆಕ್ಕದಲ್ಲಿ ಮಾತ್ರ 40 ಮತ್ತು 120 ಬಳಸಿದ್ದೀರಿ. ಚಿತ್ರ ನೋಡಿ ಭಾಗಿಸಿದವರಿಗೆ 2.82 ಬರುತ್ತದೆ, 3 ಬರುವುದಿಲ್ಲ. ಪಿಚ್ ವೃತ್ತವನ್ನು ಚುಕ್ಕಿಗೆರೆಯಲ್ಲಿ ಎಳೆಯಿರಿ. ಕೈಗೆ ಸಿಕ್ಕ ಗಿಯರನ್ನು ಅಳೆಯುವವರಿಗೆ ಹೇಳಬೇಕಾದದ್ದು ಇಷ್ಟೇ: ಹಲ್ಲು ಎಣಿಸಿ, ಅನುಪಾತ ಅದರಲ್ಲೇ ಇದೆ.

ಕೊನೆಯ ಭಾಗದಲ್ಲಿ ಪ್ರಯೋಗಾಲಯದ ಅಳತೆ ಲೆಕ್ಕಕ್ಕಿಂತ ಬಹಳ ಹೆಚ್ಚು ಬಂತೆಂದು ಬರೆದು, ಉಕ್ಕು ಕಳಪೆಯಿರಬೇಕೆಂದು ಊಹಿಸಿದ್ದೀರಿ. ಉಕ್ಕಿನ ಜಾರುಗುಣಾಂಕ ಒಂದು ಉಕ್ಕಿನಿಂದ ಇನ್ನೊಂದಕ್ಕೆ ಅಷ್ಟೊಂದು ಬದಲಾಗುವುದಿಲ್ಲ. ವ್ಯತ್ಯಾಸದ ದೊಡ್ಡ ಪಾಲು ನಿಮ್ಮ ಕೂಡುವಿಕೆಯಲ್ಲೇ ಇತ್ತು. ಸರಿಯಾದ 4.61ರ ಮೇಲೂ ಉಳಿಯುವ ಅಂತರಕ್ಕೆ ಹಲ್ಲುಗಳ ನಡುವಿನ ಸಡಿಲ, ಗಿಯರನ್ನು ಶಾಫ್ಟಿಗೆ ಹಿಡಿದಿಡುವ ಕೀಲಿಯ ಸಡಿಲ, ಹಲ್ಲು ಮತ್ತು ಬೇರಿಂಗ್‌ಗಳ ಸಣ್ಣ ಬಾಗು ಕಾರಣವಾಗಿರಬಹುದು. ಸೂತ್ರ ಇವನ್ನೆಲ್ಲ ಇಲ್ಲವೆಂದೇ ಎಣಿಸುತ್ತದೆ. ಸಡಿಲವನ್ನು ಬೇರ್ಪಡಿಸಿ ನೋಡುವುದು ಸುಲಭ. ಟಾರ್ಕನ್ನು 10, 20, 30 ಎಂದು ಏರಿಸುತ್ತಾ ಕೋನವನ್ನು ಬರೆದುಕೊಳ್ಳಿ, ಆಮೇಲೆ ಎದುರು ದಿಕ್ಕಿನಲ್ಲೂ ಹಾಗೆಯೇ ಮಾಡಿ. ಸಡಿಲವೆಂದರೆ ಟಾರ್ಕ್ ಶೂನ್ಯದ ಆಚೀಚೆ ದಿಕ್ಕು ಬದಲಿಸುವಾಗ ಕೋನದಲ್ಲಿ ಕಾಣುವ ಹಾರಿಕೆ. ತಿರುಚು ಎಂದರೆ ಅದರ ನಂತರದ ನೇರ ಗೆರೆಯ ಓರೆ, ಅದು ಪ್ರತಿ 10 ನ್ಯೂಟನ್-ಮೀಟರಿಗೆ ಸುಮಾರು 0.92 ಡಿಗ್ರಿ ಬರಬೇಕು. ಹಾರಿಕೆಯನ್ನು ಕಳೆದ ಮೇಲೂ ಓರೆ ಅದಕ್ಕಿಂತ ಹೆಚ್ಚಿದ್ದರೆ ಆಗ ಹಲ್ಲು, ಕೀಲಿ, ಬೇರಿಂಗ್‌ಗಳನ್ನು ಸಂಶಯಿಸಿ.

ಮರುಬರಹದಲ್ಲಿ ಹಲ್ಲಿನ ಬಲ ಮೊದಲು ಬರಲಿ, ನಂತರ ಬೇರಿಂಗಿನ 200ರ ಲೆಕ್ಕ, ಅದಾದ ಮೇಲೆ ತಿರುಚು. ಎರಡು ಶಾಫ್ಟನ್ನು ಬಿಡಿಸಿ ಪ್ರತ್ಯೇಕವಾಗಿ ಬರೆದ ಚಿತ್ರವೊಂದು ಬೇಕೇ ಬೇಕು, ಹಲ್ಲಿನ ಬಲ ಮತ್ತು ಬೇರಿಂಗಿನ ಬಲ ಎರಡನ್ನೂ ಬಾಣಗಳಿಂದ ತೋರಿಸಿ. ಪ್ರಯೋಗದ ಅಳತೆಗಳನ್ನು ಸರಾಸರಿ ಮಾಡದೆ ಇದ್ದ ಹಾಗೆಯೇ ಕಳುಹಿಸಿ. ಆ ಹಾರಿಕೆ ಅವುಗಳಲ್ಲಿ ಇದೆಯೇ ಎಂದು ನಾನೂ ನೋಡಬೇಕು.

ಸಂಪಾದಕ